ಎರಡೂ ಪರದೆಯ ಗ್ಯಾಲಿ ಪ್ರೂಫ್

ನಾನು ಕೆಲಸ ಮಾಡುತ್ತಿದ್ದ ಶಿವಮೊಗ್ಗದ ಪ್ರೆಸ್ಸಿನಲ್ಲಿ ಕಂಪ್ಯೂಟರಿಗೆ ಎರಡು ಪರದೆ ಇದ್ದದ್ದು ಒಂದೇ ಒಂದು ಮೇಜಿನ ಮೇಲೆ. ಆ ಮೇಜು ನನ್ನದಲ್ಲ ಎಂಬುದೇ ನನ್ನ ಮೊದಲ ಸಿಟ್ಟು. ಡಿಟಿಪಿ ಕೋರ್ಸು ಮಾಡಿ ಸರ್ಟಿಫಿಕೇಟು ತಂದವಳು ನಾನು. ಮೂವತ್ತು ವರ್ಷ ಸೀಸದ ಅಚ್ಚಿನ ಮೊಳೆ ಜೋಡಿಸಿ, ಆಮೇಲೆ ಕೀಲಿಮಣೆಗೆ ಬೆರಳು ಹೊಂದಿಸಿಕೊಂಡ ಭದ್ರಾವತಿಯ ಮುದುಕರಿಗೆ ಎರಡು ಮಾನಿಟರು, ನನಗೆ ಒಂದು! ಮುದುಕರು ಎಂದರೆ ಆಗ ಅವರಿಗೆ ಐವತ್ತಾರೋ ಐವತ್ತೇಳೋ. ಇಪ್ಪತ್ತೈದರ ಕಣ್ಣಿಗೆ ಅದೇ ಮುಪ್ಪು. ಈಗ ನಾನೇ ಆ ಕಡೆಗೆ ಹೊರಟಿದ್ದೇನೆ, ಆ ಮಾತು ಬಿಡಿ.

ಪ್ರೆಸ್ಸಿನಲ್ಲಿ ಯಜಮಾನರಿಂದ ಹಿಡಿದು ಹಾಳೆ ಮಡಚುವವರವರೆಗೆ ಎಲ್ಲರೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ. ದಿನಾ ಬೆಳಿಗ್ಗೆ ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ರವೀಂದ್ರನಗರದಿಂದ ನಡೆದು ಬರುವ ನಾನು ತಡವಾಗಿ ತಲುಪಿದರೂ ಅವರು ಮಾತ್ರ ಒಂದು ದಿನವೂ ತಡ ಮಾಡಿದವರಲ್ಲ. ಇದೂ ಒಂದು ಸಿಟ್ಟು.

ಎರಡು ಪರದೆ ಅವರಿಗೆ ಸಿಕ್ಕಿದ್ದಕ್ಕೆ ಕಾರಣವಿತ್ತು. ಮೊಳೆ ಜೋಡಿಸುವ ಕಾಲದಲ್ಲಿ ಹಸ್ತಪ್ರತಿಯನ್ನು ಕಣ್ಣೆದುರು ನಿಲ್ಲಿಸಿಕೊಂಡು ಕೆಲಸ ಮಾಡಿದ ರೂಢಿ ಅವರದು. ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಟೈಪು ಮಾಡಿದರೆ ಕತ್ತು ನೋಯುತ್ತದೆ ಎಂದು ಗೊಣಗುತ್ತಿದ್ದರು. ಯಜಮಾನರು ಎರಡು ಸಾಕೆಟ್ಟಿನ ಡಿಸ್‌ಪ್ಲೇ ಕಾರ್ಡು ಹಾಕಿಸಿ, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಸಣ್ಣ ಮಾನಿಟರನ್ನೂ ಜೋಡಿಸಿಕೊಟ್ಟರು. ಹಸ್ತಪ್ರತಿಯನ್ನು ಸ್ಕ್ಯಾನ್ ಮಾಡಿ ಸಣ್ಣ ಪರದೆಯಲ್ಲಿ ತೆರೆದಿಟ್ಟುಕೊಳ್ಳುವುದು, ದೊಡ್ಡ ಪರದೆಯಲ್ಲಿ ಪುಟ ಕಟ್ಟುವುದು. ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ನೋಡಲಿಕ್ಕೆಂದೇ ಪಕ್ಕದ ಅಂಗಡಿಯವರು ಬರುತ್ತಿದ್ದರು.

ಮೊದಲು ದೊಡ್ಡ ಪರದೆ ಎಡಕ್ಕೂ ಸಣ್ಣದು ಬಲಕ್ಕೂ ಇದ್ದವು. ಕಂಪ್ಯೂಟರಿನ ಸೆಟ್ಟಿಂಗಿನಲ್ಲೂ ಹಾಗೆಯೇ ಇಟ್ಟಿದ್ದೆವು. ದೊಡ್ಡದರ ಬಲ ಅಂಚಿಗೆ ಮೌಸು ಒಯ್ದರೆ ಬಾಣದ ಗುರುತು ಸಣ್ಣದರ ಎಡ ಅಂಚಿನಲ್ಲಿ ಕಾಣಿಸಿಕೊಳ್ಳುತ್ತಿತ್ತು. ಆಮೇಲೆ ಆಯುಧಪೂಜೆ ಬಂತು. ಪ್ರೆಸ್ಸಿನಲ್ಲಿ ಆ ಹಬ್ಬಕ್ಕೆ ಮೀರಿದ ಹಬ್ಬವಿಲ್ಲ. ಮಿಷನ್ನು, ಕಟ್ಟಿಂಗ್ ಕತ್ತಿ, ಸ್ಟೇಪ್ಲರು ಎಲ್ಲವನ್ನೂ ತೊಳೆದು ಒರೆಸಿ ಅರಿಶಿನ ಕುಂಕುಮ ಇಟ್ಟರು. ಮಾನಿಟರುಗಳನ್ನೂ ಕೆಳಗಿಳಿಸಿ ಮೇಜು ಒರೆಸಿ ಮತ್ತೆ ಮೇಲಿಟ್ಟರು. ಯಾವ ಕೇಬಲ್ಲು ಯಾವ ಸಾಕೆಟ್ಟಿಗೆ ಎಂದು ಅಣ್ಣ ಮೊದಲೇ ದಾರ ಕಟ್ಟಿ ಗುರುತು ಮಾಡಿದ್ದರಿಂದ ಕೇಬಲ್ಲು ಸರಿಯಾಗಿಯೇ ಸೇರಿದವು. ಸೇರದೆ ಹೋದದ್ದು ಮಾನಿಟರು ಡಬ್ಬಗಳ ಜಾಗ. ಸಣ್ಣದು ಎಡಕ್ಕೆ ಬಂತು, ದೊಡ್ಡದು ಬಲಕ್ಕೆ ಹೋಯಿತು.

ಕಂಪ್ಯೂಟರಿಗೆ ಇದು ತಿಳಿಯುವುದಾದರೂ ಹೇಗೆ? ದೊಡ್ಡದು ಇನ್ನೂ ಎಡಗಡೆಯೇ ಇದೆ ಎಂದು ಅದು ತಿಳಿದುಕೊಂಡಿತ್ತು. ಹಾಗಾಗಿ ಬಲಗಡೆಯ ದೊಡ್ಡ ಪರದೆಯ ಬಲ ಅಂಚಿಗೆ ಮೌಸು ಒಯ್ದರೆ ಬಾಣ ಹೊರಗೆ ಹೋಗಿ, ಮೇಜಿನ ಆ ತುದಿಯಲ್ಲಿದ್ದ ಸಣ್ಣ ಪರದೆಯ ಎಡ ಅಂಚಿನಿಂದ ಒಳಗೆ ಬರುತ್ತಿತ್ತು. ಒಂದು ದಿನ ಆ ಮೇಜಿನಲ್ಲಿ ಕೂತ ನನಗೆ ತಲೆ ತಿರುಗಿತು.

"ಅಣ್ಣ, ಇದನ್ನ ಸರಿ ಮಾಡ್ಕೊಡ್ತೀನಿ, ಎರಡು ನಿಮಿಷದ ಕೆಲ್ಸ" ಎಂದೆ.

"ಬ್ಯಾಡ ಮಾರಾಯ್ತಿ. ಸರಿಯಾಗೇ ಇದೆಯಲ್ಲ?"

"ಎಲ್ಲಿ ಸರಿ? ಬಲಕ್ಕೆ ಹೋದ್ರೆ ಎಡಕ್ಕೆ ಬರುತ್ತೆ!"

"ಮೊಳೇಲಿ ಅಕ್ಷರ ಎಲ್ಲಾ ಉಲ್ಟಾನೇ ಇರ್ತಿದ್ವು. ಮೂವತ್ತು ವರ್ಷ ಉಲ್ಟಾನೇ ಓದಿದೀನಿ. ನಂಗೆ ಇದು ಲೆಕ್ಕಕ್ಕೇ ಇಲ್ಲ ಬಿಡು."

ನಿಜವಾಗಿಯೂ ಅವರಿಗೆ ಅದು ಗೊತ್ತೇ ಆಗಿರಲಿಲ್ಲವೆಂದು ತೋರುತ್ತದೆ. ಒಂದೇ ದಿನದಲ್ಲಿ ಕೈ ಒಗ್ಗಿಹೋಗಿತ್ತು. ಸೀಸದ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ, ಅದನ್ನು ಸರಾಗವಾಗಿ ಓದಿದವರಿಗೆ ಎಡಬಲಗಳ ಹಂಗೇ ಇರುವುದಿಲ್ಲವೇನೋ. ನಾನು ಕೈಬಿಟ್ಟೆ.

ಕೈಬಿಡದೆ ಜಗಳವಾಡಿದ್ದು ಇನ್ನೊಂದು ವಿಷಯಕ್ಕೆ. ಮೊಳೆಯ ಕಾಲದಲ್ಲಿ ಜೋಡಿಸಿದ್ದನ್ನು ಗ್ಯಾಲಿ ಎಂಬ ಉದ್ದನೆಯ ತಟ್ಟೆಯಲ್ಲಿಟ್ಟು, ಮಸಿ ಹಚ್ಚಿ, ಒಂದು ಕಾಗದದ ಮೇಲೆ ಒತ್ತಿ ತೆಗೆಯುತ್ತಿದ್ದರಂತೆ. ಅದು ಗ್ಯಾಲಿ ಪ್ರೂಫ್. ಅದನ್ನು ತೆಗೆಯದೆ ಕೆಲಸ ಇನ್ನೊಬ್ಬರ ಕೈಗೆ ಕೊಡಬಾರದು ಎಂಬುದು ಅವರ ಗುರುಗಳು ಹೇಳಿಕೊಟ್ಟ ಪಾಠ. ಕಂಪ್ಯೂಟರಿಗೆ ಬಂದ ಮೇಲೆ ಮಸಿಯೂ ಇಲ್ಲ, ತಟ್ಟೆಯೂ ಇಲ್ಲ. ಆದರೆ ಕೀಲಿಮಣೆಯ ಮೇಲಿನ ಸಾಲಿನಲ್ಲಿ ಪ್ರಿಂಟ್ ಸ್ಕ್ರೀನ್ ಎಂದು ಬರೆದ ಒಂದು ಕೀಲಿ ಅವರ ಕಣ್ಣಿಗೆ ಬಿದ್ದಿತ್ತು. ಪರದೆಯ ಮೇಲಿರುವುದನ್ನು ಚಿತ್ರವಾಗಿ ಹಿಡಿಯುವ ಆ ಕೀಲಿ ಒತ್ತಿ, ಪೇಂಟ್ ಎಂಬ ಚಿತ್ರ ಬಿಡಿಸುವ ಪ್ರೋಗ್ರಾಮು ತೆರೆದು, ಅಂಟಿಸುವುದು. ಚಿತ್ರ ಹಾಳೆಗಿಂತ ದೊಡ್ಡದಿದೆ, ಹಾಳೆ ಹಿಗ್ಗಿಸಲೇ ಎಂದು ಪೇಂಟ್ ಕೇಳಿದರೆ ಹೂಂ ಅನ್ನುವುದು. ಆಮೇಲೆ ಸೇವ್ ಮಾಡುವುದು. ಕಟ್ಟಿದ ಪುಟ ನನ್ನ ಕಡೆ ದಾಟಿಸುವ ಮೊದಲು ಪ್ರತಿಯೊಂದಕ್ಕೂ ಹೀಗೆ ಒಂದು ಚಿತ್ರ.

ತಾಪತ್ರಯವೇನೆಂದರೆ ಆ ಕೀಲಿ ಎರಡೂ ಪರದೆಯನ್ನು ಒಟ್ಟಿಗೇ ಹಿಡಿಯುತ್ತಿತ್ತು. ಅದಕ್ಕೆ ಎರಡು ಡಬ್ಬ ಎಂಬ ಭೇದವಿಲ್ಲ, ಎರಡೂ ಸೇರಿ ಒಂದೇ ಅಗಲವಾದ ಮೇಜು. ದೊಡ್ಡ ಪರದೆಯ ಪಕ್ಕಕ್ಕೆ ಸಣ್ಣ ಪರದೆ ಅಂಟಿಕೊಂಡು, ಸಣ್ಣದು ಎತ್ತರದಲ್ಲಿ ಕಡಿಮೆ ಇದ್ದದ್ದರಿಂದ ಅದರ ಕೆಳಗೆ ಒಂದು ಕಪ್ಪು ಪಟ್ಟಿ ಬಂದು, ಮಾರುದ್ದದ ಚಿತ್ರವಾಗುತ್ತಿತ್ತು. ಒಂದೊಂದೂ ನಾಲ್ಕು ಎಂಬಿ ಹತ್ತಿರ ತೂಗುತ್ತಿತ್ತು. ನಮ್ಮ ಆಗಿನ ಹಾರ್ಡ್ ಡಿಸ್ಕು ಎಷ್ಟು ದೊಡ್ಡದಿತ್ತು ಅಂದುಕೊಂಡಿರಿ? ತಿಂಗಳಿಗೊಮ್ಮೆ ತುಂಬಿ ಉಸಿರುಗಟ್ಟುತ್ತಿತ್ತು, ಚೊಕ್ಕಟ ಮಾಡುವ ಕೆಲಸ ನನ್ನ ತಲೆಗೆ.

"ಅಣ್ಣ, ಆಲ್ಟ್ ಒತ್ತಿ ಹಿಡ್ಕೊಂಡು ಪ್ರಿಂಟ್ ಸ್ಕ್ರೀನ್ ಒತ್ತಿ. ಆಗ ನೀವು ಕೆಲ್ಸ ಮಾಡ್ತಿರೋ ಕಿಟಕಿ ಅಷ್ಟೇ ಬರುತ್ತೆ. ಪುಟದ್ದು ಒಂದು ಸಾಕು. ಆ ಪಕ್ಕದ ಸ್ಕ್ಯಾನು ಯಾಕೆ?"

"ಪುಟ ಒಂದೇ ಇದ್ರೆ ಅದು ಪ್ರೂಫ್ ಹೆಂಗಾಗುತ್ತೆ ತಾಯಿ? ಹಸ್ತಪ್ರತೀನೂ ಪಕ್ಕದಲ್ಲಿ ಬೇಕು."

"ಹಸ್ತಪ್ರತಿ ಕಾಗ್ದ ಇದ್ದೇ ಇರುತ್ತಲ್ಲ!"

"ಇರುತ್ತೆ, ಇರುತ್ತೆ" ಎಂದು ನಗುತ್ತಿದ್ದರು. ಮರುದಿನ ಮತ್ತೆ ಅದೇ ಮಾರುದ್ದದ ಚಿತ್ರ. ನಾನು ರೇಗುತ್ತಿದ್ದೆ, ಸಿಕ್ಕಿದ್ದನ್ನೆಲ್ಲ ಅಳಿಸುತ್ತಿದ್ದೆ. ಅವರ ಮೇಲೆ ನನಗೆ ಪ್ರೀತಿ ಇರಲಿಲ್ಲವೆಂದಲ್ಲ. ಅವರ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ನನ್ನ ಹೊಟ್ಟೆಗೇ ಹೋಗುತ್ತಿತ್ತು. ಆದರೆ ಕಲಿತವಳು ನಾನು, ಕಲಿಸಿದ್ದನ್ನು ಕೇಳಬೇಕಾದವರು ಅವರು ಎಂಬ ಹಮ್ಮು ನನಗೆ ಬೇಕಾದಷ್ಟಿತ್ತು.

ಆ ವರ್ಷ ಹೊಳೆಹೊನ್ನೂರಿನ ಒಬ್ಬ ನಿವೃತ್ತ ಮೇಷ್ಟರು ತಮ್ಮ ಶಾಲಾ ದಿನಗಳ ಬಗ್ಗೆ ಬರೆದ ಪುಸ್ತಕ ನಮ್ಮಲ್ಲಿಗೆ ಬಂತು. ಮೇಷ್ಟರು ಶಿಸ್ತಿನ ಮನುಷ್ಯ, ಕರಡು ತಿದ್ದಲಿಕ್ಕೆ ವಾರಕ್ಕೆರಡು ಸಲ ಬಸ್ಸು ಹತ್ತಿ ಬರುತ್ತಿದ್ದರು. ಪುಸ್ತಕವೆಲ್ಲ ಮುಗಿದು ಅಚ್ಚಿಗೆ ಹೋಗುವ ದಿನ ಅರ್ಪಣೆಯ ಸಾಲನ್ನು ಒಂದು ಚೀಟಿಯಲ್ಲಿ ಬರೆದು ಕಳಿಸಿದರು. ಅದನ್ನು ಅವರು ಮತ್ತೆ ನೋಡುವಷ್ಟು ಸಮಯವಿರಲಿಲ್ಲ. ಅಣ್ಣ ಚೀಟಿಯನ್ನು ಸ್ಕ್ಯಾನ್ ಮಾಡಿ, ಸಾಲನ್ನು ಕಟ್ಟಿ, ಪುಟ ನನಗೆ ದಾಟಿಸಿದರು. ಕೊನೆಯ ತಿದ್ದುಪಡಿ ನನ್ನದು. ನಾನು ಕಣ್ಣಾಡಿಸಿ ಮುಂದಕ್ಕೆ ಕಳಿಸಿದೆ. ಪುಸ್ತಕ ಅಚ್ಚಾಯಿತು, ಹೊಲಿಗೆಯಾಯಿತು, ಮೇಷ್ಟರು ಖುಷಿಯಿಂದ ಹತ್ತು ಪ್ರತಿ ಚೀಲಕ್ಕೆ ಹಾಕಿಕೊಂಡು ಹೋದರು. ಉಳಿದವು ಕಟ್ಟಾಗಿ ನಮ್ಮಲ್ಲೇ ಇದ್ದವು. ನಾನು ಯಥಾಪ್ರಕಾರ ಹಾರ್ಡ್ ಡಿಸ್ಕು ಚೊಕ್ಕಟ ಮಾಡಿದೆ. ಸ್ಕ್ಯಾನುಗಳು ಹೋದವು, ಚೀಟಿ ಕಸದ ಬುಟ್ಟಿಗೆ ಯಾವಾಗಲೋ ಹೋಗಿತ್ತು.

ಎರಡು ದಿನ ಬಿಟ್ಟು ಮೇಷ್ಟರು ವಾಪಸು ಬಂದರು. ಮುಖ ಬಾಡಿತ್ತು. ಪುಸ್ತಕದ ಮೂರನೆಯ ಪುಟ ತೆರೆದು ಯಜಮಾನರ ಮುಂದೆ ಇಟ್ಟರು. 'ನನ್ನನ್ನು ಹೊತ್ತ ಅಕ್ಕನಿಗೆ' ಎಂದಿತ್ತು.

"ನಾನು ಬರ್ದಿದ್ದು ಹೆತ್ತ ಅಂತ ಸ್ವಾಮಿ" ಎಂದರು.

"ಅಕ್ಕ ಹೆರೋದು ಹೇಗೆ ಮೇಷ್ಟ್ರೇ?" ಯಜಮಾನರು ಕೇಳಿದರು.

"ನಮ್ಮನೇಲಿ ತಾಯೀನ ಅಕ್ಕ ಅಂತಾನೇ ಕರಿಯೋದು. ಸೋದರಮಾವಂದಿರು ನಮ್ಮನೇಲೇ ಬೆಳ್ದೋರು. ಅವ್ರು ಅಕ್ಕ ಅಂತಿದ್ರು, ನಮ್ಮ ಬಾಯಿಗೂ ಅದೇ ಬಂತು. ತೊಂಬತ್ತು ವರ್ಷ ಆಕೆಗೆ. ಬೆರಳಿಟ್ಟು ಓದ್ತಾಳೆ. ಓದಿ ಏನಂದ್ಲು ಗೊತ್ತಾ? ನಿನ್ನ ಹೊತ್ತು ತಿರುಗಿದ್ದು ನಿಮ್ಮತ್ತೆ ಕಣೋ, ಹೆತ್ತಿದ್ದು ನಾನು. ಪುಸ್ತಕ ಅವಳಿಗೆ ಕೊಟ್ಯಾ ಅಂತ ಕೇಳಿದ್ಲು. ನಿನ್ನೆಯಿಂದ ನನ್ನ ಹತ್ರ ಮಾತಾಡ್ತಿಲ್ಲ."

ಬೇರೆ ಹೊತ್ತಿನಲ್ಲಾದರೆ ನಗು ಬರಬೇಕು. ಮೇಷ್ಟರ ಕಣ್ಣಲ್ಲಿ ನೀರಿತ್ತು, ಯಾರೂ ನಗಲಿಲ್ಲ. ಹೆ ಹೋಗಿ ಹೊ ಆದದ್ದು ಒಂದು ಕೊಂಬಿನ ವ್ಯತ್ಯಾಸ. ಯಜಮಾನರು ನೇರವಾಗಿ ಅಣ್ಣನ ಮೇಜಿಗೆ ಬಂದರು. ಅಣ್ಣನ ಕಣ್ಣಿನ ಬಗ್ಗೆ ಅವರಿಗೆ ಮೊದಲೇ ಅನುಮಾನವಿತ್ತು. ಕನ್ನಡಕ ದಪ್ಪವಾಗುತ್ತಿದೆ, ಪರದೆಗೆ ಮೂಗು ತಾಗಿಸಿ ಕೂರುತ್ತಾರೆ ಎಂದು ನನ್ನ ಹತ್ತಿರವೂ ಹೇಳಿದ್ದರು. ನಾನೂ ಹೌದು ಸಾರ್ ಅಂದಿದ್ದೆ.

"ಹೆ ಯಾವ್ದು ಹೊ ಯಾವ್ದು ಅಂತ ಕಾಣ್ದಿದ್ರೆ ಹೇಳ್ಬೇಕಪ್ಪ ಅಣ್ಣ. ಮೇಷ್ಟ್ರ ಮುಂದೆ ನನ್ನ ಮರ್ಯಾದೆ ಏನಾಯ್ತು? ಇವತ್ತಿಂದ ಹಾಳೆ ಮಡಚೋ ಕೋಣೆಗೆ ಹೋಗು. ಈ ಎರಡು ಪರದೇನ ಇವಳು ನೋಡ್ಕೊಳ್ಳಲಿ."

ಅಣ್ಣ ನನ್ನನ್ನು ನೋಡಲಿಲ್ಲ. ಮೌಸಿನ ಮೇಲಿದ್ದ ಕೈಯನ್ನು ತೆಗೆದು, ಕನ್ನಡಕ ಒರೆಸಿಕೊಂಡು, "ಆಗ್ಲಿ ಸಾರ್" ಎಂದರು. ಡಬ್ಬಿ ಎತ್ತಿಕೊಂಡು ಹಿಂದಿನ ಕೋಣೆಗೆ ಹೋದರು. ಅಲ್ಲಿ ಅಚ್ಚಾದ ದೊಡ್ಡ ಹಾಳೆಗಳನ್ನು ನೆಲದ ಮೇಲೆ ಕೂತು ಮಡಚಬೇಕು. ಕೆಲಸ ಕೀಳಲ್ಲ. ಆದರೆ ಅಕ್ಷರವನ್ನೇ ಅನ್ನ ಅಂದುಕೊಂಡವರಿಗೆ ಅಕ್ಷರ ನೋಡದೆ ಹಾಳೆ ಮಡಚು ಅನ್ನುವುದು ಎಂಥ ಮಾತು ಎಂದು ಆಗಲೂ ನನಗೆ ತಿಳಿದಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಎರಡು ಪರದೆಯ ಮೇಜು ನನಗೆ ಬಂತಲ್ಲ ಎಂಬ ಸಂತೋಷವೂ ಆಗಿತ್ತು.

ಮೇಷ್ಟರನ್ನು ಕೂರಿಸಿ, ಕಾಫಿ ತರಿಸಿ, ಏನಾದರೂ ಮಾಡೋಣ ಎಂದು ಯಜಮಾನರು ಸಮಾಧಾನ ಹೇಳುತ್ತಿದ್ದರು. ನಾನು ಅಣ್ಣನ ಕುರ್ಚಿಯಲ್ಲಿ ಕೂತೆ. ಡಿಸ್ಕು ಮತ್ತೆ ತುಂಬಿರುತ್ತದೆ, ಇನ್ನೆಷ್ಟು ಚಿತ್ರ ಉಳಿಸಿಕೊಂಡಿದ್ದಾರೋ ನೋಡೋಣ ಎಂದು ಪೇಂಟ್ ತೆರೆದೆ. ಫೈಲ್ ಎಂಬುದರ ಕೆಳಗೆ ಇತ್ತೀಚೆಗೆ ತೆರೆದ ನಾಲ್ಕು ಚಿತ್ರಗಳ ಹೆಸರು ಇರುತ್ತದೆ. ಎಲ್ಲಕ್ಕಿಂತ ಮೇಲಿದ್ದದ್ದು GALI ಎಂಬ ಫೋಲ್ಡರಿನಲ್ಲಿದ್ದ ಒಂದು ಚಿತ್ರ. ಆ ಫೋಲ್ಡರನ್ನು ನಾನು ಹತ್ತು ಸಲ ನೋಡಿದ್ದೆ. ಗಾಳಿ ಎಂದು ಓದಿಕೊಂಡು, ಯಾವುದೋ ಫಾಂಟಿನ ಹೆಸರಿರಬೇಕೆಂದು ಬಿಟ್ಟುಬಿಟ್ಟಿದ್ದೆ. ಅದು ಗ್ಯಾಲಿ! ನನ್ನ ಕೈಯಿಂದ ತಪ್ಪಿಸಿ ಇಟ್ಟ ಗ್ಯಾಲಿ ಪ್ರೂಫುಗಳು.

ಚಿತ್ರ ತೆರೆದೆ. ಅರ್ಪಣೆಯ ಪುಟ. ಪರದೆಗಿಂತ ಚಿತ್ರ ಅಗಲ, ಹಾಗಾಗಿ ಮೊದಲು ಕಂಡದ್ದು ಅದರ ಎಡಭಾಗ ಮಾತ್ರ. ಅಣ್ಣ ಕಟ್ಟಿದ ಪುಟ. 'ನನ್ನನ್ನು ಹೆತ್ತ ಅಕ್ಕನಿಗೆ.'

ಹೆತ್ತ.

ಆಗ ಎಲ್ಲ ನೆನಪಿಗೆ ಬಂತು. ಆ ದಿನ ನನ್ನ ಒಂಟಿ ಪರದೆಯ ಮುಂದೆ ಕೂತು ನಾನು ಈ ಸಾಲನ್ನು ಓದಿದ್ದೆ, ನಕ್ಕಿದ್ದೆ. ಅಕ್ಕ ಎಲ್ಲಾದರೂ ಹೆರುತ್ತಾಳಾ, ಈ ಅಣ್ಣ ಅಥವಾ ಮೇಷ್ಟರು, ಯಾರೋ ಒಬ್ಬರು ಒಂದು ಕೊಂಬು ಬಿಟ್ಟಿದ್ದಾರೆ ಎಂದು ಹೆ ಅಳಿಸಿ ಹೊ ಮಾಡಿದ್ದೆ. ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಅಕ್ಕ, ಎಷ್ಟು ಚೆಂದದ ಮಾತು ಎಂದು ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ. ಚೀಟಿಯನ್ನು ನೋಡಲಿಲ್ಲ. ನನ್ನ ಅಪ್ಪನಿಗಿಂತ ದೊಡ್ಡವರನ್ನು ದಿನಾ ಅಣ್ಣ ಎಂದು ಕರೆಯುವವಳಿಗೆ, ತಾಯಿಯನ್ನು ಅಕ್ಕ ಎನ್ನುವ ಮನೆ ಇರಬಹುದು ಎಂದು ಹೊಳೆಯಲೇ ಇಲ್ಲ.

ಇನ್ನೂ ಒಂದು ಆಸೆ ಇತ್ತು. ಚೀಟಿಯಲ್ಲಿ ಮೇಷ್ಟರೇ ಹೊತ್ತ ಎಂದು ಬರೆದಿದ್ದರೆ? ಆಗ ಅಣ್ಣ ಕಟ್ಟಿದ್ದು ತಪ್ಪು, ನಾನು ತಿದ್ದಿದ್ದು ಸರಿ, ಮೇಷ್ಟರದ್ದೇ ಮರೆವು ಎಂದಾಗುತ್ತದೆ. ನನ್ನ ಮಾತು ಕೇಳಿ ಅಣ್ಣ ಪುಟವೊಂದನ್ನೇ ಹಿಡಿದಿದ್ದರೆ ಈ ಆಸೆಗೆ ಜಾಗವಿರುತ್ತಿತ್ತು. ಚಿತ್ರವನ್ನು ನಿಧಾನವಾಗಿ ಬಲಕ್ಕೆ ಸರಿಸಿದೆ. ಸಣ್ಣ ಪರದೆಯ ಭಾಗ ಬಂತು, ಕೆಳಗೆ ಕಪ್ಪು ಪಟ್ಟಿ, ಮೇಲೆ ಮೇಷ್ಟರ ಮುತ್ತಿನಂಥ ಅಕ್ಷರದ ಚೀಟಿ. ಹೆತ್ತ ಎಂದೇ ಇತ್ತು. ಬರೆದವರು ಸರಿ, ಕಟ್ಟಿದವರು ಸರಿ. ಇವರಿಬ್ಬರ ನಂತರ ಆ ಪುಟವನ್ನು ಮುಟ್ಟಿದವಳು ನಾನೊಬ್ಬಳೇ.

ಆಮೇಲೆ ಇನ್ನೊಂದು ಅರ್ಥವಾಯಿತು. ಪೇಂಟಿನ ಪಟ್ಟಿಯಲ್ಲಿ ಎಷ್ಟೋ ದಿನದ ಹಿಂದಿನ ಈ ಚಿತ್ರ ಎಲ್ಲಕ್ಕಿಂತ ಮೇಲಿದೆ ಎಂದರೆ ಅಣ್ಣ ಇದನ್ನು ಈಗಷ್ಟೇ ತೆರೆದು ನೋಡಿದ್ದಾರೆ. ಮೇಷ್ಟರು ಆಚೆ ಮಾತಾಡುತ್ತಿದ್ದಾಗಲೇ ನೋಡಿ ಮುಚ್ಚಿದ್ದಾರೆ. ನೋಡಿಯೂ "ಆಗ್ಲಿ ಸಾರ್" ಎಂದು ಎದ್ದು ಹೋಗಿದ್ದಾರೆ.

ಅಳಿಸಿಬಿಡಬಹುದಿತ್ತು. ಚಿತ್ರ ಅಳಿಸುವುದೇ ನನ್ನ ಕೆಲಸವಾಗಿತ್ತಲ್ಲ, ಯಾರೂ ಕೇಳುತ್ತಿರಲಿಲ್ಲ. ಕೆಲಸ ಹೋಗುತ್ತದೆ ಎಂಬ ಭಯಕ್ಕಿಂತ, ಎಲ್ಲರೆದುರು ನಾನು ಪೆದ್ದಿಯಾಗುತ್ತೇನೆ ಎಂಬ ಭಯ ದೊಡ್ಡದಿತ್ತು. ಎಷ್ಟು ಹೊತ್ತು ಕೂತೆನೋ. ಹಿಂದಿನ ಕೋಣೆಯಿಂದ ಹಾಳೆಯ ಮಡಿಕೆಯ ಮೇಲೆ ಮರದ ಪಟ್ಟಿ ಎಳೆಯುವ ಸದ್ದು ಬರುತ್ತಿತ್ತು. ಹೊಸ ಕೈ ಎಂದು ಗೊತ್ತಾಗುವಷ್ಟು ನಿಧಾನ. ಆ ಸದ್ದು ತಡೆಯಲಾಗದೆ ಎದ್ದು ಯಜಮಾನರನ್ನು ಕರೆದೆ. ಮೇಷ್ಟರೂ ಜೊತೆಗೆ ಬಂದರು.

ಯಜಮಾನರು ಚಿತ್ರವನ್ನು ಎಡದಿಂದ ಬಲಕ್ಕೆ ಸರಿಸಿ ನೋಡಿದರು. ಆಮೇಲೆ ಮೇಜನ್ನು ನೋಡಿದರು. ಆಮೇಲೆ ನಕ್ಕರು.

"ಇದು ನಿಜವಾದ್ದಲ್ಲ ಕಣಮ್ಮ. ಇಲ್ಲಿ ನೋಡು, ಮೇಜಿನ ಮೇಲೆ ಸಣ್ಣ ಪರದೆ ಎಡಗಡೆ ಇದೆ. ಚಿತ್ರದಲ್ಲಿ ಅದು ಬಲಗಡೆ ಇದೆ. ಇಲ್ಲಿರೋದನ್ನ ಹಾಗೇ ಹಿಡಿದಿದ್ರೆ ಉಲ್ಟಾ ಯಾಕೆ ಬರುತ್ತೆ? ಈಗ ಕೂತು ಎರಡು ಚೂರು ಅಂಟಿಸಿ ಮಾಡಿದಾನೆ. ಪಾಪ, ಹೆದರಿದಾನೆ. ಹೋಗ್ಲಿ ಬಿಡು, ಮುಚ್ಚು ಅದನ್ನ."

ತಪ್ಪಿಸಿಕೊಳ್ಳಲು ನನಗೆ ಬಾಗಿಲು ಅಗಲವಾಗಿ ತೆರೆದುಕೊಂಡಿತ್ತು. ನಾನು ಹೇಳುವುದನ್ನು ಹೇಳಿದ್ದೆ, ಯಜಮಾನರೇ ನಂಬಲಿಲ್ಲ, ನನ್ನದೇನು ತಪ್ಪು? ಎಡಬಲ ಯಾಕೆ ಬದಲಾಯಿತೆಂದು ಅಲ್ಲಿ ಬಾಯಿಬಿಟ್ಟು ವಿವರಿಸಬಲ್ಲವಳು ನಾನೊಬ್ಬಳೇ. ಆದರೆ ಅಣ್ಣ ಸುಳ್ಳು ಚಿತ್ರ ಮಾಡಿದ್ದಾರೆ ಎಂಬ ಮಾತು ಕೇಳಿದ್ದೇ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನನ್ನ ಸಿಟ್ಟು ಒಳ್ಳೆಯ ಕೆಲಸಕ್ಕೆ ಬಂದದ್ದು ಬಹುಶಃ ಅದೇ ಮೊದಲ ಸಲ.

"ಕೂತ್ಕೊಳ್ಳಿ ಸಾರ್" ಎಂದೆ. "ಈಗ ನಿಮ್ಮೆದುರೇ ಒತ್ತುತೀನಿ."

ಎಡಗಡೆಯ ಸಣ್ಣ ಪರದೆಯಲ್ಲಿ ಯಾವುದೋ ಮದುವೆ ಕರೆಯೋಲೆಯ ಸ್ಕ್ಯಾನು ತೆರೆದೆ. ಬಲಗಡೆಯ ದೊಡ್ಡದರಲ್ಲಿ ಒಂದು ಪುಟ. ಪ್ರಿಂಟ್ ಸ್ಕ್ರೀನ್ ಒತ್ತಿದೆ. ಪೇಂಟಿನಲ್ಲಿ ಹೊಸ ಹಾಳೆ, ಅಂಟಿಸು, ಹಿಗ್ಗಿಸಲೇ, ಹೂಂ. ಮಾರುದ್ದದ ಚಿತ್ರ ಬಂತು. ಎಡಕ್ಕೆ ಪುಟ, ಬಲಕ್ಕೆ ಕರೆಯೋಲೆ, ಅದರ ಕೆಳಗೆ ಕಪ್ಪು ಪಟ್ಟಿ. ಮೇಜಿನ ಮೇಲೆ ಇರುವುದಕ್ಕೆ ಸರಿಯಾಗಿ ತಿರುಗಾಮುರುಗಾ.

"ಆಯುಧಪೂಜೇಲಿ ಒರೆಸೋಕೆ ಇಳಿಸಿದ್ವಲ್ಲ ಸಾರ್, ಡಬ್ಬಗಳ ಜಾಗ ಬದಲಾಯ್ತು. ಕಂಪ್ಯೂಟರಿಗೆ ನಾವು ಹೇಳ್ಲಿಲ್ಲ. ಅದು ಹಳೇ ಜಾಗದ ಲೆಕ್ಕದಲ್ಲೇ ಚಿತ್ರ ಹಿಡಿಯುತ್ತೆ. ಮೌಸು ನೋಡಿ." ಬಾಣವನ್ನು ದೊಡ್ಡ ಪರದೆಯ ಬಲ ತುದಿಯಿಂದ ಆಚೆ ನೂಕಿದೆ. ಅದು ಎಡ ತುದಿಯ ಸಣ್ಣ ಪರದೆಯಲ್ಲಿ ಇಣುಕಿತು. "ಅಂಟಿಸಿ ಮಾಡೋರಾಗಿದ್ರೆ ಮೇಜಿನ ಮೇಲಿದ್ದ ಹಾಗೆ ಮಾಡ್ತಿದ್ರು. ಚಿತ್ರದ ತಾರೀಖು ನೋಡಿ, ಚೀಟಿ ಬಂದ ದಿನದ್ದೇ ಇದೆ."

ಯಜಮಾನರು ತಾವೇ ಮೌಸು ಹಿಡಿದು ಎರಡು ಸಲ ಆಚೆ ಈಚೆ ಮಾಡಿದರು. ಆಮೇಲೆ ಕೇಳಿದರು.

"ಹಾಗಾದ್ರೆ ತಿದ್ದಿದ್ದು ಯಾರು?"

"ನಾನು ಸಾರ್. ಅಕ್ಕ ಹೆರಲ್ಲ ಅಂತ."

ಮೇಷ್ಟರು ನನ್ನನ್ನೇ ನೋಡುತ್ತಿದ್ದರು. ಬೈದರೆ ಸಾಕಿತ್ತು, ಬೈಯಲಿಲ್ಲ. ಮೊದಲು ತುಟಿ ಅದುರಿತು, ಆಮೇಲೆ ಗೊಳ್ಳೆಂದು ನಕ್ಕರು. ಯಜಮಾನರೂ ನಕ್ಕರು. ಅವರು ನಕ್ಕಿದ್ದಕ್ಕೇ ನನಗೆ ಅಳು ಬಂತು. ಮೂಗು ಒರೆಸಿಕೊಳ್ಳುತ್ತ ಅಲ್ಲೇ ನಿಂತಿದ್ದೆ. ಯಜಮಾನರು ಹಿಂದಿನ ಕೋಣೆಯ ಬಾಗಿಲಿಗೆ ಹೋಗಿ ನಿಂತರು. ಕ್ಷಮಿಸು ಎನ್ನುವ ಜಾತಿಯವರಲ್ಲ ಅವರು.

"ಅಣ್ಣ, ಎದ್ದು ಬಾ. ಅಲ್ಲೇನ್ ಮಾಡ್ತಿದೀಯ? ಇಲ್ಲಿ ಕೆಲ್ಸ ನಿಂತಿದೆ" ಎಂದರು. ಅಣ್ಣ ಬಂದು ಕುರ್ಚಿಯಲ್ಲಿ ಕೂತರು, ಡಬ್ಬಿಯನ್ನು ಇದ್ದ ಜಾಗಕ್ಕೆ ಇಟ್ಟರು.

ನನ್ನ ಕೆಲಸ ಹೋಗಲಿಲ್ಲ. ಶಿಕ್ಷೆಯಾಗಿ ಬಂದದ್ದು ಅಂಟು ಮತ್ತು ಬ್ಲೇಡು. ಎಲ್ಲ ಪ್ರತಿಗಳಲ್ಲೂ ಆ ಒಂದು ಹಾಳೆಯನ್ನು ಬುಡದಲ್ಲಿ ಸ್ವಲ್ಪ ಅಂಚು ಬಿಟ್ಟು ಕತ್ತರಿಸಿ, ಹೊಸದಾಗಿ ಅಚ್ಚಾದ ಹಾಳೆಯನ್ನು ಆ ಅಂಚಿಗೆ ಅಂಟಿಸುವುದು. ಮೂರು ದಿನ ಹಿಡಿಯಿತು. ಊಟದ ಹೊತ್ತಿಗೆ ಅಣ್ಣ ಬಂದು ಕೂತು ತಾವೂ ಒಂದಿಷ್ಟು ಅಂಟಿಸುತ್ತಿದ್ದರು. ನನ್ನದಕ್ಕಿಂತ ಅವರ ಹಾಳೆ ನೆಟ್ಟಗೆ ಕೂರುತ್ತಿತ್ತು. ಅದನ್ನು ಹೇಳಿ ಕಿಚಾಯಿಸದೆ ಬಿಡಲೂ ಇಲ್ಲ. ಕಣ್ಣು ಯಾರದ್ದು ಮಂದ ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದರು. ನಾನು ಮುಂದಿನ ಪ್ರತಿಗೆ ಅಂಟು ಹಚ್ಚಿದೆ.

ಮೊದಲ ಕಟ್ಟನ್ನು ನಾನೇ ಹೊಳೆಹೊನ್ನೂರಿಗೆ ಒಯ್ದು ಆ ತಾಯಿಯ ಕೈಗೆ ಕೊಡಬೇಕೆಂದು ಯಜಮಾನರ ಅಪ್ಪಣೆಯಾಯಿತು. ಅಣ್ಣನೂ ಜೊತೆಗೆ ಬಂದರು. ಆಕೆ ಜಗಲಿಯಲ್ಲಿ ಕೂತಿದ್ದರು. ಮಗ ಪುಸ್ತಕ ತೆರೆದು ಕೊಟ್ಟರು. ಬೆರಳು ಒಂದೊಂದೇ ಅಕ್ಷರ ದಾಟಿತು, ಹೆ ಮೇಲೆ ಸ್ವಲ್ಪ ನಿಂತಿತು. ಓದಿ ಮುಗಿಸಿ, "ಇದು ಸರಿ" ಎಂದು ಪುಸ್ತಕ ಮುಚ್ಚಿದರು. ಮೊದಲು ಹೆ ಅಳಿಸಿ ಹೊ ಮಾಡಿದವಳು ನಾನೇ ಎಂದು ಮಗ ಹೇಳಿದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮದ್ವೆ ಆಗಿದ್ಯಾ?" ಎಂದರು. ಇಲ್ಲ ಎಂದೆ. "ಅದಕ್ಕೇ ಹೆರೋದು ಹೊರೋದು ಎರಡೂ ಒಂದೇ ಅನ್ಸಿದೆ" ಎಂದು, ಒಳಗಿನಿಂದ ಉಂಡೆ ತರಿಸಿ ಕೊಟ್ಟರು. ಹೊಟ್ಟೆ ತುಂಬ ತಿಂದೆವು.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಎರಡೂ ಕಡೆ ಗದ್ದೆ, ಸಂಜೆಯ ಬಿಸಿಲು. ನಾಲ್ಕು ದಿನದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ.

"ಅಣ್ಣ, ಚಿತ್ರ ನೋಡಿದ್ರಲ್ಲ ನೀವು. ಯಜಮಾನ್ರಿಗೆ ಯಾಕೆ ತೋರಿಸ್ಲಿಲ್ಲ?"

"ನಾನು ತೋರಿಸಿದ್ರೆ ನಿನ್ನ ಮೇಲೆ ಹೇಳ್ದಂಗೆ ಆಗ್ತಿತ್ತು. ಹೊಸಬಳು ನೀನು. ಇನ್ನೂ ಎಷ್ಟು ವರ್ಷ ಇದೇ ಕೆಲ್ಸ ಮಾಡ್ಬೇಕು. ಆ ಕುರ್ಚೀಲಿ ಕೂತ್ರೆ ಹೆಂಗೂ ನೋಡ್ತೀಯ ಅಂತ ಗೊತ್ತಿತ್ತು. ನೋಡಿದ್ಮೇಲೆ ನೀನೇ ಹೇಳ್ತೀಯ ಅನ್ಕೊಂಡೆ."

"ಹೇಳ್ದೆ ಅಳಿಸಿ ಹಾಕಿದ್ರೆ?"

ಅಣ್ಣ ಕಿಟಕಿಯಿಂದ ನನ್ನ ಕಡೆ ತಿರುಗಿದರು. ಆ ಪ್ರಶ್ನೆ ಅವರಿಗೆ ಮೊದಲು ಬಂದೇ ಇರಲಿಲ್ಲ ಎನ್ನುವ ಹಾಗೆ.

"ಹಾಳೆ ಮಡಚ್ತಾ ಇರ್ತಿದ್ದೆ ಮಾರಾಯ್ತಿ" ಎಂದರು.